ಸಮಾಂತರ ರೇಖೆಗಳ ನಡುವೆ ಬಾಗಿದ ಗೆರೆ: ಯಾವ ಕೋನಕ್ಕೆ ಯಾವುದು ಜೋಡಿ?

ಪ್ರಶ್ನೆ: ಸರ್, ಸಮಾಂತರ ರೇಖೆಗಳ ಲೆಕ್ಕದಲ್ಲಿ ಒಂದೇ ಛೇದಕ ಇದ್ದರೆ ನನಗೆ ಉತ್ತರ ಬರುತ್ತದೆ, ಆದರೆ ‘ಕಾರಣ’ ಬರೆಯುವ ಜಾಗದಲ್ಲಿ ಜೋಡಿಯ ಹೆಸರು ತಪ್ಪಿ ಅಂಕ ಹೋಗುತ್ತದೆ. ಗೆರೆ ನಡುವೆ ಬಾಗಿದ್ದರಂತೂ ಏನೂ ತೋಚುವುದಿಲ್ಲ. AB ∥ CD. A, C ಎಡ ತುದಿಗಳು, B, D ಬಲಕ್ಕಿವೆ. E ಎಂಬ ಬಿಂದು ಎರಡು ರೇಖೆಗಳ ನಡುವೆ, A ಮತ್ತು C ಗಳಿಗಿಂತ ಎಡಕ್ಕಿದೆ. ∠BAE = 130°, ∠DCE = 120° ಆದರೆ ∠AEC ಎಷ್ಟು? ಇಂಥದ್ದೇ ಇನ್ನೊಂದು ಲೆಕ್ಕದಲ್ಲಿ ಎರಡನ್ನೂ ಕೂಡಿದ್ದರು, ಹಾಗಾಗಿ 250° ಎಂದು ಬರೆದೆ. ತಪ್ಪು ಎಂದರು. ಯಾಕೆ?

ಉತ್ತರ: ∠AEC = 110°. ಆದರೆ ನೀವು ಬರೆದ 250° ಎಲ್ಲಿಂದಲೋ ಬಂದ ಸಂಖ್ಯೆಯಲ್ಲ. ಅದು ಇದೇ ಚಿತ್ರದಲ್ಲಿ, ಇದೇ E ಬಿಂದುವಿನಲ್ಲಿ ಇರುವ ಇನ್ನೊಂದು ಕೋನದ ಅಳತೆ. ಅದು ಯಾವ ಕೋನ ಎಂಬುದನ್ನು ನೋಡುವ ಮೊದಲು ಜೋಡಿಯನ್ನು ಗುರುತಿಸುವ ಕ್ರಮವನ್ನು ಸರಿಪಡಿಸಿಕೊಳ್ಳಬೇಕು, ಏಕೆಂದರೆ ನೀವು ಹೇಳಿದ ಎರಡು ತೊಂದರೆಗಳ ಮೂಲ ಒಂದೇ. ಮುಂದೆ ಓದುವಾಗ ಕಾಗದದ ಮೇಲೆ ಚಿತ್ರವನ್ನು ಬರೆದುಕೊಳ್ಳಿ. ಮೇಲೆ AB, ಕೆಳಗೆ CD, ಎರಡೂ ಅಡ್ಡವಾಗಿರಲಿ. A ಯಿಂದ ಕೆಳಕ್ಕೆ, ಎಡಕ್ಕೆ ಇಳಿದ ಗೆರೆ E ಯನ್ನು ಮುಟ್ಟಿ, ಅಲ್ಲಿಂದ ಬಲಕ್ಕೆ ತಿರುಗಿ C ಗೆ ಇಳಿಯಲಿ.

ಅನೇಕರು ಇಂಗ್ಲಿಷಿನ Z, F, C ಅಕ್ಷರಗಳ ಆಕಾರವನ್ನು ಚಿತ್ರದಲ್ಲಿ ಹುಡುಕಿ ಜೋಡಿಗೆ ಹೆಸರಿಡುತ್ತಾರೆ. ರೇಖೆಗಳು ಅಡ್ಡವಾಗಿದ್ದು ಛೇದಕ ಒಂದೇ ಇರುವವರೆಗೆ ಇದು ನಡೆಯುತ್ತದೆ. ರೇಖೆಗಳು ಓರೆಯಾದಾಗ, ಅಕ್ಷರ ತಿರುಗಿಯೋ ತಲೆಕೆಳಗಾಗಿಯೋ ಕಂಡಾಗ, ಅಥವಾ ಚಿತ್ರದಲ್ಲಿ ಎರಡು ಮೂರು ಛೇದಕಗಳು ಇದ್ದಾಗ ಕಣ್ಣು ಮೋಸಹೋಗುತ್ತದೆ. ಆದ್ದರಿಂದ ಆಕಾರಕ್ಕಿಂತ ಕೋನದ ಬಾಹುಗಳನ್ನು ನೋಡುವುದು ಹೆಚ್ಚು ಭದ್ರವಾದ ದಾರಿ ಎಂದು ನನ್ನ ಅಭಿಪ್ರಾಯ.

ಪ್ರತಿ ಕೋನಕ್ಕೂ ಒಂದು ಶೃಂಗ ಮತ್ತು ಎರಡು ಬಾಹುಗಳಿವೆ. ಎರಡು ಸಮಾಂತರ ರೇಖೆಗಳ ಮೇಲಿನ ಎರಡು ಕೋನಗಳು ಜೋಡಿಯಾಗಬೇಕಾದರೆ, ಎರಡು ಕೋನಗಳಿಗೂ ಒಂದೊಂದು ಬಾಹು ಒಂದೇ ಗೆರೆಯ ಮೇಲೆ ಬಿದ್ದಿರಬೇಕು. ಆ ಗೆರೆಯೇ ಛೇದಕ. ಉಳಿದ ಎರಡು ಬಾಹುಗಳು ಸಮಾಂತರ ರೇಖೆಗಳ ಮೇಲೆ ಒಂದೊಂದರಂತೆ ಇರಬೇಕು. ಈ ಷರತ್ತು ಪೂರೈಸದಿದ್ದರೆ ಆ ಎರಡು ಕೋನಗಳ ನಡುವೆ ನೇರವಾದ ಜೋಡಿಯ ಸಂಬಂಧವೇ ಇಲ್ಲ, ಅವುಗಳಿಗೆ ಹೆಸರು ಹುಡುಕುವುದು ವ್ಯರ್ಥ.

ಷರತ್ತು ಪೂರೈಸಿದರೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಸಮಾಂತರ ರೇಖೆಗಳ ಮೇಲಿರುವ ಬಾಹುಗಳು ಛೇದಕದ ಒಂದೇ ಬದಿಯಲ್ಲಿವೆಯೇ, ಎದುರು ಬದಿಗಳಲ್ಲಿವೆಯೇ ಎಂಬುದು ಮೊದಲನೆಯದು. ಛೇದಕದ ಮೇಲೆಯೇ ಇರುವ ಎರಡು ಬಾಹುಗಳು ಒಂದೇ ದಿಕ್ಕಿಗೆ ಹೋಗುತ್ತವೆಯೇ, ಒಂದನ್ನೊಂದು ಎದುರುಗೊಳ್ಳುತ್ತವೆಯೇ ಅಥವಾ ಒಂದಕ್ಕೊಂದು ಬೆನ್ನು ತಿರುಗಿಸಿವೆಯೇ ಎಂಬುದು ಎರಡನೆಯದು. ಒಂದೇ ಬದಿ, ಒಂದೇ ದಿಕ್ಕು ಎಂದಾದರೆ ಅವು ಅನುರೂಪ ಕೋನಗಳು, ಆದ್ದರಿಂದ ಸಮ. ಎದುರು ಬದಿಗಳಲ್ಲಿದ್ದು ಛೇದಕದ ಮೇಲಿನ ಬಾಹುಗಳು ಎದುರುಬದುರಾಗಿದ್ದರೆ ಅವು ಪರ್ಯಾಯ ಒಳಕೋನಗಳು, ಅವೂ ಸಮ. ಬಾಹುಗಳು ಎದುರುಬದುರಾಗಿದ್ದು ಕೋನಗಳು ಒಂದೇ ಬದಿಯಲ್ಲಿದ್ದರೆ ಅವು ಛೇದಕದ ಒಂದೇ ಬದಿಯ ಒಳಕೋನಗಳು. ಇವು ಸಮವಲ್ಲ, ಇವುಗಳ ಮೊತ್ತ 180°. ಬೆನ್ನು ತಿರುಗಿಸಿದ ಬಾಹುಗಳಿದ್ದರೆ ಇದೇ ಎರಡು ಸಂಬಂಧಗಳು ಹೊರಕೋನಗಳಿಗೆ ಅನ್ವಯಿಸುತ್ತವೆ: ಎದುರು ಬದಿಗಳ ಪರ್ಯಾಯ ಹೊರಕೋನಗಳು ಸಮ, ಒಂದೇ ಬದಿಯ ಹೊರಕೋನಗಳ ಮೊತ್ತ 180°.

ಎದುರು ಬದಿ, ಆದರೆ ಒಂದೇ ದಿಕ್ಕು ಎಂಬ ಒಂದು ಸಾಧ್ಯತೆ ಇನ್ನೂ ಉಳಿದಿದೆ. ಮೇಲಿನ ರೇಖೆಯಲ್ಲಿ ಛೇದಕದ ಬಲಕ್ಕೆ ಮೇಲ್ಮುಖವಾಗಿರುವ ಕೋನವನ್ನೂ ಕೆಳಗಿನ ರೇಖೆಯಲ್ಲಿ ಎಡಕ್ಕೆ ಮೇಲ್ಮುಖವಾಗಿರುವ ಕೋನವನ್ನೂ ತೆಗೆದುಕೊಂಡರೆ ಈ ಸ್ಥಿತಿ ಬರುತ್ತದೆ. ಪಠ್ಯದಲ್ಲಿ ಇದಕ್ಕೆ ಹೆಸರಿಲ್ಲ. ಮೊತ್ತ 180° ಎಂಬುದು ನಿಜ, ಆದರೆ ಅದನ್ನು ಎರಡು ಹೆಜ್ಜೆಗಳಲ್ಲಿ ತೋರಿಸಬೇಕು: ಮೊದಲು ಅನುರೂಪ ಕೋನ, ಆಮೇಲೆ ಸರಳಯುಗ್ಮ. ಮೇಲೆ ನಾಲ್ಕು, ಕೆಳಗೆ ನಾಲ್ಕು ಕೋನಗಳಿರುವುದರಿಂದ ಮೇಲಿನದೊಂದು ಕೆಳಗಿನದೊಂದು ಆರಿಸಲು 16 ಬಗೆಗಳಿವೆ. ಅವುಗಳಲ್ಲಿ 4 ಅನುರೂಪ, 2 ಪರ್ಯಾಯ ಒಳ, 2 ಪರ್ಯಾಯ ಹೊರ, 2 ಒಂದೇ ಬದಿಯ ಒಳ, 2 ಒಂದೇ ಬದಿಯ ಹೊರ ಜೋಡಿಗಳು. ಉಳಿದ 4 ಈ ಹೆಸರಿಲ್ಲದ ಜೋಡಿಗಳು. ನಿಮ್ಮ ಉತ್ತರ ಸರಿಯಿದ್ದೂ ಕಾರಣ ತಪ್ಪಾಗುವ ಕಡೆಗಳಲ್ಲಿ ಒಮ್ಮೆ ಹಿಂತಿರುಗಿ ನೋಡಿ. ಹೆಸರಿಲ್ಲದ ಜೋಡಿಗೆ ‘ಒಂದೇ ಬದಿಯ ಒಳಕೋನಗಳು’ ಎಂದು ಬರೆದಿರುವ ಸಾಧ್ಯತೆ ಬಹಳ. ಮೊತ್ತ 180° ಬಂದ ಮಾತ್ರಕ್ಕೆ ಆ ಹೆಸರು ಹೊಂದುವುದಿಲ್ಲ.

ಮೂರು ಅಕ್ಷರಗಳಲ್ಲಿ ಬರೆದ ಕೋನಗಳಾದರೆ ಇದನ್ನು ಅಕ್ಷರಗಳಿಂದಲೇ ಓದಬಹುದು. E ಯಿಂದ AB ಗೆ ಸಮಾಂತರವಾಗಿ EF ಎಂಬ ಗೆರೆಯೊಂದಿದೆ ಎಂದಿಟ್ಟುಕೊಂಡು, ∠BAE ಮತ್ತು ∠AEF ಎಂಬ ಎರಡು ಕೋನಗಳನ್ನು ನೋಡಿ. ಎರಡರಲ್ಲೂ ಇರುವ ಅಕ್ಷರಗಳು A ಮತ್ತು E, ಅಂದರೆ ಛೇದಕ AE. ಒಂದರ ಶೃಂಗ A, ಇನ್ನೊಂದರ ಶೃಂಗ E. A ಯಿಂದ ಹೊರಟ ಬಾಹು E ಕಡೆಗೆ, E ಯಿಂದ ಹೊರಟ ಬಾಹು A ಕಡೆಗೆ ಹೋಗುವುದರಿಂದ ಇವು ಎದುರುಬದುರಾಗಿವೆ, ಆದ್ದರಿಂದ ಒಳಕೋನಗಳು. ಇನ್ನು ಉಳಿದ ಅಕ್ಷರಗಳಾದ B ಮತ್ತು F ಗಳು AE ಗೆರೆಯ ಒಂದೇ ಬದಿಯಲ್ಲಿದ್ದರೆ ಮೊತ್ತ 180°, ಎದುರು ಬದಿಗಳಲ್ಲಿದ್ದರೆ ಪರ್ಯಾಯ, ಸಮ. ಇಲ್ಲಿ AB ಮತ್ತು EF ಸಮಾಂತರ ಎಂಬುದು ಮಾತ್ರ ಮೊದಲೇ ಗೊತ್ತಿರಬೇಕು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಕೊಟ್ಟ ಕೋನಗಳು ∠BAE ಮತ್ತು ∠DCE. ಎರಡರಲ್ಲೂ ಇರುವ ಅಕ್ಷರ E ಒಂದೇ. ಮೊದಲನೆಯದರ ಬಾಹುಗಳು AB ಮತ್ತು AE. ಎರಡನೆಯದರ ಬಾಹುಗಳು CD ಮತ್ತು CE. AE ಮತ್ತು CE ಬೇರೆ ಬೇರೆ ಗೆರೆಗಳು, ಏಕೆಂದರೆ E ಯಲ್ಲಿ ಗೆರೆ ಬಾಗಿದೆ. ಎರಡು ಕೋನಗಳಿಗೂ ಸಾಮಾನ್ಯವಾದ ಛೇದಕವೇ ಇಲ್ಲದಿರುವಾಗ ಅವು ಯಾವ ಜೋಡಿಯೂ ಆಗುವುದಿಲ್ಲ. ‘ಏನೂ ತೋಚುವುದಿಲ್ಲ’ ಎಂದಿರಲ್ಲ, ಅದಕ್ಕೆ ಕಾರಣ ನಿಮ್ಮ ತಿಳಿವಳಿಕೆಯ ಕೊರತೆಯಲ್ಲ; ಚಿತ್ರದಲ್ಲಿ ನಿಜವಾಗಿಯೂ ಇನ್ನೂ ಜೋಡಿ ಇಲ್ಲ. ಅದನ್ನು ನಾವೇ ಹುಟ್ಟಿಸಬೇಕು.

ಹುಟ್ಟಿಸುವ ದಾರಿ, ಬಾಗಿದ ಬಿಂದುವಿನ ಮೂಲಕ ಮೂರನೆಯ ಸಮಾಂತರ ರೇಖೆಯನ್ನು ಎಳೆಯುವುದು. E ಯಿಂದ ಬಲಕ್ಕೆ, AB ಗೆ ಸಮಾಂತರವಾಗಿ EF ಎಳೆಯಿರಿ. ಆಗ AE ಎಂಬ ಗೆರೆ AB ಮತ್ತು EF ಎಂಬ ಎರಡು ಸಮಾಂತರ ರೇಖೆಗಳಿಗೆ ಛೇದಕವಾಗುತ್ತದೆ, CE ಎಂಬುದು EF ಮತ್ತು CD ಗಳಿಗೆ ಛೇದಕವಾಗುತ್ತದೆ. ಬಾಗಿದ ಒಂದು ಗೆರೆಯ ಕಷ್ಟ, ನೇರವಾದ ಎರಡು ಛೇದಕಗಳ ಸುಲಭ ಲೆಕ್ಕಗಳಾಗಿ ಒಡೆಯುತ್ತದೆ. ಉತ್ತರ ಪತ್ರಿಕೆಯಲ್ಲಿ ಇದನ್ನು ಹೀಗೆ ಬರೆಯಬೇಕು:

ರಚನೆ: E ಯ ಮೂಲಕ, ಬಲಕ್ಕೆ, EF ∥ AB ಎಳೆಯಲಾಗಿದೆ.
AB ∥ CD (ದತ್ತ), EF ∥ AB (ರಚನೆ). ಆದ್ದರಿಂದ EF ∥ CD (ಒಂದೇ ರೇಖೆಗೆ ಸಮಾಂತರವಾಗಿರುವ ರೇಖೆಗಳು ಪರಸ್ಪರ ಸಮಾಂತರ).
∠BAE + ∠AEF = 180° (AB ∥ EF, ಛೇದಕ AE; ಛೇದಕದ ಒಂದೇ ಬದಿಯ ಒಳಕೋನಗಳು).
∠AEF = 180° − 130° = 50°.
∠DCE + ∠CEF = 180° (CD ∥ EF, ಛೇದಕ CE; ಛೇದಕದ ಒಂದೇ ಬದಿಯ ಒಳಕೋನಗಳು).
∠CEF = 180° − 120° = 60°.
∠AEC = ∠AEF + ∠CEF = 50° + 60° = 110° (EF ಕಿರಣವು ∠AEC ಯ ಒಳಗಿದೆ, ∠AEF ಮತ್ತು ∠CEF ಪಾರ್ಶ್ವ ಕೋನಗಳು).

ಇದರಲ್ಲಿ ಎರಡನೆಯ ಸಾಲನ್ನು ಬಿಟ್ಟುಬಿಡುವವರು ಬಹಳ ಮಂದಿ. ನಾವು ರಚಿಸಿದ್ದು EF ∥ AB ಎಂಬುದನ್ನು ಮಾತ್ರ. EF ಮತ್ತು CD ಸಮಾಂತರ ಎಂಬುದು ಅದರಿಂದ ಬಂದ ಫಲಿತಾಂಶ. ಆ ಸಾಲು ಇಲ್ಲದಿದ್ದರೆ CE ಛೇದಕದ ಮೇಲಿನ ಒಳಕೋನಗಳ ಮೊತ್ತ 180° ಎನ್ನಲು ನಮಗೆ ಅಧಿಕಾರವಿಲ್ಲ, ಐದನೆಯ ಸಾಲು ಆಧಾರವಿಲ್ಲದೆ ನಿಲ್ಲುತ್ತದೆ. ‘EF ಅನ್ನು AB ಮತ್ತು CD ಎರಡಕ್ಕೂ ಸಮಾಂತರವಾಗಿ ಎಳೆಯಲಾಗಿದೆ’ ಎಂದು ಒಂದೇ ಉಸಿರಿನಲ್ಲಿ ಬರೆಯುವುದೂ ಸರಿಯಲ್ಲ, ಏಕೆಂದರೆ ಒಂದು ಬಿಂದುವಿನ ಮೂಲಕ ಎಳೆಯುವ ರೇಖೆಗೆ ಒಂದು ಷರತ್ತನ್ನು ಹಾಕಿದ ಮೇಲೆ ಅದು ಎಲ್ಲಿ ಹೋಗುತ್ತದೆಂಬುದು ನಿಶ್ಚಯವಾಗಿಬಿಡುತ್ತದೆ. ಎರಡನೆಯ ಷರತ್ತನ್ನು ಸಾಧಿಸಬೇಕೇ ಹೊರತು ಹೇರುವಂತಿಲ್ಲ.

ಪ್ರತಿ ಕಾರಣದಲ್ಲೂ ಮೂರು ಸಂಗತಿಗಳು ಇರುವುದನ್ನು ಗಮನಿಸಿ: ಯಾವ ರೇಖೆಗಳು ಸಮಾಂತರ, ಛೇದಕ ಯಾವುದು, ಜೋಡಿಯ ಹೆಸರೇನು. ಬರೀ ‘ಪರ್ಯಾಯ ಕೋನಗಳು’ ಎಂದು ಬರೆದರೆ ಅದು ಅರ್ಧ ಕಾರಣ. ಯಾವುದೇ ಎರಡು ರೇಖೆಗಳನ್ನು, ಅವು ಸಮಾಂತರವಾಗಿರಲಿ ಬಿಡಲಿ, ಒಂದು ಛೇದಕ ಕತ್ತರಿಸಿದರೆ ಅಲ್ಲಿ ಪರ್ಯಾಯ ಕೋನಗಳು ಇದ್ದೇ ಇರುತ್ತವೆ. ಹೆಸರು ಸ್ಥಾನವನ್ನು ಹೇಳುತ್ತದೆ, ಸಮತೆಯನ್ನಲ್ಲ. ಸಮತೆ ಬರುವುದು ಸಮಾಂತರತೆಯಿಂದ. ಶೃಂಗಾಭಿಮುಖ ಕೋನಗಳು ಮತ್ತು ಸರಳಯುಗ್ಮಗಳು ಹಾಗಲ್ಲ. ಅವು ಒಂದೇ ಬಿಂದುವಿನಲ್ಲಿ ಉಂಟಾಗುವ ಕೋನಗಳಾದ್ದರಿಂದ ಅವುಗಳಿಗೆ ಸಮಾಂತರತೆಯ ಹಂಗಿಲ್ಲ, ಅಲ್ಲಿ ‘AB ∥ CD ಆದ್ದರಿಂದ’ ಎಂದು ಸೇರಿಸುವುದೂ ತಪ್ಪು. ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆ ಇರುವುದೇ ಒಂದೇ ಬದಿಯ ಒಳಕೋನಗಳ ಬಗ್ಗೆ: ಅವುಗಳ ಮೊತ್ತ ಎರಡು ಲಂಬಕೋನಗಳಿಗಿಂತ ಕಡಿಮೆಯಾದರೆ ರೇಖೆಗಳು ಆ ಬದಿಯಲ್ಲಿ ಸಂಧಿಸುತ್ತವೆ ಎಂದು ಅದು ಹೇಳುತ್ತದೆ. ಅವನು ಅದನ್ನು ಮೊತ್ತಮೊದಲು ಬಳಸುವುದು ತನ್ನ ಮೊದಲ ಸಂಪುಟದ 29ನೆಯ ಪ್ರಮೇಯದಲ್ಲಿ, ಅಂದರೆ ಸಮಾಂತರ ರೇಖೆಗಳ ಪರ್ಯಾಯ ಕೋನಗಳು ಸಮ ಎಂದು ಸಾಧಿಸುವಾಗ. ನಾವು ಕಾರಣದ ಜಾಗದಲ್ಲಿ ಬರೆಯುವ ‘AB ∥ EF’ ಎಂಬ ಚಿಕ್ಕ ಮಾತಿಗೆ ಅಷ್ಟು ತೂಕವಿದೆ.

ಇನ್ನು 250° ಯ ವಿಷಯ. EF ಅನ್ನು ಬಲಕ್ಕೆ ಎಳೆದಂತೆ, ಅದೇ ಗೆರೆಯನ್ನು E ಯಿಂದ ಎಡಕ್ಕೂ ಚಾಚಿ, ಆ ಕಡೆಯ ಬಿಂದುವಿಗೆ H ಎಂದು ಹೆಸರಿಡಿ. ∠BAE ಮತ್ತು ∠AEH ಗಳಲ್ಲಿ ಸಾಮಾನ್ಯ ಅಕ್ಷರಗಳು A, E. ಉಳಿದ B ಮತ್ತು H ಗಳು AE ಗೆರೆಯ ಎದುರು ಬದಿಗಳಲ್ಲಿವೆ. ಆದ್ದರಿಂದ ಇವು ಪರ್ಯಾಯ ಒಳಕೋನಗಳು, ∠AEH = 130°. ಹಾಗೆಯೇ CD ∥ EH, ಛೇದಕ CE; ∠DCE ಮತ್ತು ∠CEH ಪರ್ಯಾಯ ಒಳಕೋನಗಳು, ∠CEH = 120°. ಕೂಡಿದರೆ 250°. ಇದು E ಬಿಂದುವಿನ ಎಡಭಾಗದಲ್ಲಿ, ಅಂದರೆ ಬಾಗಿದ ಗೆರೆಯ ಹೊರಬದಿಯಲ್ಲಿ ಇರುವ ಸರಳಾಧಿಕ ಕೋನ. ∠AEC ಎಂದು ಬರೆದಾಗ ನಾವು ಸಾಮಾನ್ಯವಾಗಿ ತೆಗೆದುಕೊಳ್ಳುವುದು 180° ಗಿಂತ ಕಡಿಮೆ ಇರುವ ಕೋನವನ್ನು; ಅದು 360° − 250° = 110°, ಮೇಲೆ ಬಂದ ಉತ್ತರವೇ.

ನೀವು ನೋಡಿದ ಇನ್ನೊಂದು ಲೆಕ್ಕದಲ್ಲಿ ಕೂಡಿದ್ದು ಏಕೆ ಸರಿಹೋಯಿತೆಂಬುದೂ ಈಗ ಸ್ಪಷ್ಟವಾಗುತ್ತದೆ. ಆ ಚಿತ್ರದಲ್ಲಿ E ಬಲಕ್ಕೆ, ಅಂದರೆ B ಮತ್ತು D ಗಳ ಕಡೆಗೆ ಚಾಚಿದ್ದಿರಬೇಕು. ಉದಾಹರಣೆಗೆ ∠BAE = 40°, ∠DCE = 35° ಇದ್ದರೆ, E ಯಿಂದ ಎಡಕ್ಕೆ ಎಳೆದ EH ಈ ಬಾರಿ ∠AEC ಯ ಒಳಗೇ ಬೀಳುತ್ತದೆ. ಎರಡು ಪರ್ಯಾಯ ಒಳಕೋನಗಳ ಜೋಡಿಗಳಿಂದ ∠AEC = 40° + 35° = 75°. ಎರಡು ಚಿತ್ರಗಳಲ್ಲೂ ಮೊತ್ತವು ಕೊಡುವುದು E ಯ ಎಡಭಾಗದ ಕೋನವನ್ನೇ. E ಬಲಕ್ಕಿದ್ದಾಗ ಆ ಎಡಭಾಗವೇ ಕೇಳಿದ ಕೋನ, E ಎಡಕ್ಕಿದ್ದಾಗ ಅದು ಕೇಳಿದ ಕೋನದ ಹೊರಗಿನ ಭಾಗ. ‘ನಡುವಿನ ಕೋನ ಎಂದರೆ ಎರಡರ ಮೊತ್ತ’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲಿಯೇ. ಸೂತ್ರದ ಬದಲು, ಎಳೆದ ಕಿರಣ ಕೇಳಿದ ಕೋನದ ಒಳಗೆ ಬೀಳುತ್ತದೆಯೇ ಎಂದು ನೋಡಿ. ಬೀಳುವ ದಿಕ್ಕಿಗೇ ಎಳೆಯಿರಿ. ಆ ಕಿರಣ AB ಯ ದಿಕ್ಕಿನಲ್ಲೇ ಹೋದರೆ ನಿಮಗೆ ಸಿಗುವುದು ಒಂದೇ ಬದಿಯ ಒಳಕೋನಗಳು, ವಿರುದ್ಧ ದಿಕ್ಕಿಗೆ ಹೋದರೆ ಪರ್ಯಾಯ ಒಳಕೋನಗಳು.

ಉತ್ತರ ಬಂದ ಮೇಲೆ ಅದು ನಂಬುವಂತಿದೆಯೇ ಎಂದು ನೋಡಲು ಒಂದು ದಾರಿಯಿದೆ. A, E, C ಮೂರೂ AB ಗೆ ಲಂಬವಾದ ಒಂದೇ ಗೆರೆಯ ಮೇಲಿವೆ ಎಂದು ಭಾವಿಸಿ. ಆಗ ∠BAE = 90°, ∠DCE = 90°, ∠AEC = 180°. A ಮತ್ತು C ಗಳನ್ನು ಹಾಗೇ ಇರಿಸಿ, ಈಗ E ಯನ್ನು ಸ್ವಲ್ಪ ಎಡಕ್ಕೆ ತಳ್ಳಿ. A ಮತ್ತು C ಗಳಲ್ಲಿರುವ ಕೋನಗಳು 90° ಯನ್ನು ದಾಟಿ ಬೆಳೆಯುತ್ತವೆ, E ಯಲ್ಲಿರುವ ಕೋನ 180° ಯಿಂದ ಕೆಳಕ್ಕೆ ಇಳಿಯುತ್ತದೆ. ಒಂದು ಕಡೆ ಬೆಳೆದಷ್ಟು ಇನ್ನೊಂದು ಕಡೆ ಕುಗ್ಗಬೇಕಾದ್ದರಿಂದ ಮೂರರ ಮೊತ್ತ 360° ಯಲ್ಲೇ ನಿಲ್ಲುತ್ತದೆ: 130 + 120 + 110 = 360. E ಯನ್ನು ಬಲಕ್ಕೆ ತಳ್ಳಿದರೆ ಮೂರೂ ಒಟ್ಟಿಗೆ ಕುಗ್ಗುತ್ತವೆ, ಆಗ ಮೂರರ ಮೊತ್ತ 360° ಆಗುವುದಿಲ್ಲ, E ಯ ಕೋನ ಉಳಿದೆರಡರ ಮೊತ್ತಕ್ಕೆ ಸಮವಾಗಿರುತ್ತದೆ. ಕೊಟ್ಟ ಎರಡು ಕೋನಗಳ ಮೊತ್ತ 180° ಯನ್ನು ಮೀರಿದ್ದರೆ E ಎಡಕ್ಕಿದೆ ಎಂದೇ ಅರ್ಥ. ಚಿತ್ರವನ್ನು ಅಳತೆಗೆ ತಕ್ಕಂತೆ ಬರೆಯದೆ ಇದ್ದರೂ ಅದು ಗೊತ್ತಾಗುತ್ತದೆ.

ಇನ್ನೂ ಗಟ್ಟಿಯಾದ ತಾಳೆ ಬೇಕೆಂದರೆ ಬೇರೊಂದು ರಚನೆಯಿಂದ ಅದೇ ಉತ್ತರ ಬರುತ್ತದೆಯೇ ನೋಡಬೇಕು. AE ಯನ್ನು E ಯಿಂದ ಮುಂದಕ್ಕೆ ಬೆಳೆಸಿ. DC ಯನ್ನೂ C ಯಿಂದ ಎಡಕ್ಕೆ ಬೆಳೆಸಿದರೆ ಎರಡೂ G ಎಂಬ ಬಿಂದುವಿನಲ್ಲಿ ಸಂಧಿಸುತ್ತವೆ. ಈಗ AG ಎಂಬ ನೇರ ಗೆರೆ AB ಮತ್ತು GD ಗಳಿಗೆ ಛೇದಕ. ∠BAG + ∠AGD = 180° (AB ∥ GD, ಛೇದಕ AG; ಛೇದಕದ ಒಂದೇ ಬದಿಯ ಒಳಕೋನಗಳು). ಆದ್ದರಿಂದ ∠AGD = 50°, ಅಂದರೆ EGC ತ್ರಿಭುಜದಲ್ಲಿ G ಯ ಕೋನ 50°. C ಬಿಂದುವಿನಲ್ಲಿ ∠ECG + ∠DCE = 180° (ಸರಳಯುಗ್ಮ), ಆದ್ದರಿಂದ ∠ECG = 60°. A, E, G ಒಂದೇ ಗೆರೆಯಲ್ಲಿರುವುದರಿಂದ ∠AEC ಎಂಬುದು ಆ ತ್ರಿಭುಜಕ್ಕೆ E ಯಲ್ಲಿರುವ ಬಾಹ್ಯಕೋನ, ಅದು ಅಂತರಾಭಿಮುಖ ಕೋನಗಳ ಮೊತ್ತಕ್ಕೆ ಸಮ: 50° + 60° = 110°. ಈ ದಾರಿಯಲ್ಲಿ ಮೂರನೆಯ ಸಮಾಂತರ ರೇಖೆ ಬೇಕಾಗುವುದಿಲ್ಲ, ಆದರೆ ತ್ರಿಭುಜದ ಪ್ರಮೇಯ ಗೊತ್ತಿರಬೇಕು. ಪರೀಕ್ಷೆಯಲ್ಲಿ ಯಾವುದನ್ನು ಬರೆದರೂ ಸರಿ. ನಾನು ಸಮಾಂತರ ರೇಖೆಯ ದಾರಿಯನ್ನೇ ಮೊದಲು ಕಲಿಸುತ್ತೇನೆ, ಏಕೆಂದರೆ ಬಾಗು ಹೆಚ್ಚಾದರೂ ಅದು ಕೈಕೊಡುವುದಿಲ್ಲ.

ಹಾಗೆ ಎರಡು ಕಡೆ ಬಾಗಿದ ಒಂದು ಲೆಕ್ಕವನ್ನು ನೋಡಿ. A ಯಿಂದ ಬಲಕ್ಕಿಳಿದ ಗೆರೆ P ಯಲ್ಲಿ ಎಡಕ್ಕೆ ತಿರುಗಿ Q ಗೆ ಇಳಿಯುತ್ತದೆ, Q ನಲ್ಲಿ ಮತ್ತೆ ಬಲಕ್ಕೆ ತಿರುಗಿ C ಯನ್ನು ಮುಟ್ಟುತ್ತದೆ. AB ∥ CD. B ಎಂಬುದು A ಯ ಬಲಕ್ಕೆ, ಆದರೆ ಈ ಬಾರಿ D ಎಂಬುದು C ಯ ಎಡಕ್ಕಿದೆ. ∠BAP = 35°, ∠APQ = 80°, ∠QCD = 30°; ∠PQC ಬೇಕು. P ಯ ಮೂಲಕ ಎಡಕ್ಕೆ PM ∥ AB, Q ನ ಮೂಲಕ ಬಲಕ್ಕೆ QN ∥ AB ಎಳೆಯಿರಿ. ಎಲ್ಲವೂ AB ಗೆ ಸಮಾಂತರವಾದ್ದರಿಂದ ಪರಸ್ಪರವೂ ಸಮಾಂತರ. AB ∥ PM, ಛೇದಕ AP; ಪರ್ಯಾಯ ಒಳಕೋನಗಳಾದ್ದರಿಂದ ∠APM = ∠BAP = 35°. ಉಳಿದ ∠MPQ = 80° − 35° = 45°. PM ∥ QN, ಛೇದಕ PQ; ಪರ್ಯಾಯ ಒಳಕೋನಗಳಾದ್ದರಿಂದ ∠PQN = ∠MPQ = 45°. QN ∥ CD, ಛೇದಕ QC; N ಬಲಕ್ಕೆ, D ಎಡಕ್ಕೆ ಇರುವುದರಿಂದ ಇವೂ ಪರ್ಯಾಯ ಒಳಕೋನಗಳು, ∠NQC = ∠QCD = 30°. ಆದ್ದರಿಂದ ∠PQC = 45° + 30° = 75°. ಒಂದು ಬಾಗಿಗೆ ಒಂದು ರೇಖೆ, ಒಂದು ತುಂಡಿಗೆ ಒಂದು ಜೋಡಿ. ಇದಕ್ಕಿಂತ ಹೆಚ್ಚಿನದೇನೂ ಇಲ್ಲಿಲ್ಲ. D ಯನ್ನು ಬಲಕ್ಕೆ ಕೊಟ್ಟಿದ್ದರೆ ಅದೇ ಚಿತ್ರದಲ್ಲಿ ∠QCD = 150° ಆಗುತ್ತಿತ್ತು, ಕೊನೆಯ ಜೋಡಿ ಒಂದೇ ಬದಿಯ ಒಳಕೋನಗಳಾಗುತ್ತಿತ್ತು, ∠NQC ಮಾತ್ರ 30° ಆಗಿಯೇ ಉಳಿಯುತ್ತಿತ್ತು. ಅಕ್ಷರ ಯಾವ ಕಡೆ ಇದೆ ಎಂದು ಓದದೆ ಹೆಸರು ಬರೆಯಬಾರದು ಎನ್ನುವುದು ಇದಕ್ಕಾಗಿ.

ಈ ಕ್ರಮಕ್ಕೆ ಒಂದು ಎಲ್ಲೆಯನ್ನೂ ಹೇಳಬೇಕು. E ಎರಡು ರೇಖೆಗಳ ನಡುವೆ ಇಲ್ಲದೆ ಹೊರಗಿದ್ದರೆ ರಚನೆ ಅದೇ, ಆದರೆ ಕೊನೆಯಲ್ಲಿ ಕೂಡುವ ಬದಲು ಕಳೆಯಬೇಕು. E ಯು AB ಗಿಂತ ಮೇಲಿದ್ದು ∠BAE = 130°, ∠DCE = 110° ಎಂದಿಟ್ಟುಕೊಳ್ಳಿ. ಬಲಕ್ಕೆ EF ∥ AB ಎಳೆದರೆ, AE ಮತ್ತು CE ಛೇದಕಗಳ ಒಂದೇ ಬದಿಯ ಒಳಕೋನಗಳಿಂದ ∠AEF = 50°, ∠CEF = 70°. EA ಮತ್ತು EC ಎರಡೂ EF ನ ಒಂದೇ ಬದಿಯಲ್ಲಿ, ಕೆಳಗೆ ಇರುವುದರಿಂದ ∠AEC = 70° − 50° = 20°. EF ಕೇಳಿದ ಕೋನದ ಒಳಗೆ ಬೀಳಲಿಲ್ಲ ಎಂಬುದೇ ಕಳೆಯಬೇಕೆಂಬುದರ ಗುರುತು.

ಕೊನೆಯದಾಗಿ, ಇದೇ ಚಿತ್ರವನ್ನು ತಿರುಗಿಸಿ ಕೇಳುವುದುಂಟು: ∠BAE = 130°, ∠AEC = 110°, ∠DCE = 120° ಕೊಟ್ಟು AB ∥ CD ಎಂದು ಸಾಧಿಸಲು ಹೇಳುತ್ತಾರೆ. ಇಲ್ಲಿ ಸಮಾಂತರತೆ ದತ್ತವಲ್ಲ, ಸಾಧನೀಯ. ಆದ್ದರಿಂದ ಕಾರಣಗಳ ಬರವಣಿಗೆಯೂ ಬದಲಾಗಬೇಕು. ಬಲಕ್ಕೆ EF ∥ AB ಎಳೆದು, ಒಂದೇ ಬದಿಯ ಒಳಕೋನಗಳಿಂದ ∠AEF = 50° ಎನ್ನಬಹುದು, ಏಕೆಂದರೆ ಇಲ್ಲಿನ ಸಮಾಂತರತೆ ನಮ್ಮದೇ ರಚನೆ. ಉಳಿದ ∠CEF = 110° − 50° = 60°. ಈಗ ∠CEF + ∠DCE = 60° + 120° = 180°. ಈ ಸಾಲಿನಲ್ಲಿ ಮೊತ್ತವನ್ನು ಸಂಖ್ಯೆಗಳಿಂದ ಪಡೆದಿದ್ದೇವೆ, ಜೋಡಿಯ ಹೆಸರಿನಿಂದಲ್ಲ. ಮುಂದಿನ ಸಾಲಿನಲ್ಲಿ ಹೆಸರು ಬರಬೇಕು: EF ಮತ್ತು CD ಗಳನ್ನು CE ಕತ್ತರಿಸಿದಾಗ ಉಂಟಾಗುವ, ಛೇದಕದ ಒಂದೇ ಬದಿಯ ಒಳಕೋನಗಳ ಮೊತ್ತ 180° ಇರುವುದರಿಂದ EF ∥ CD (ವಿಲೋಮ ಪ್ರಮೇಯ). EF ∥ AB ಎಂಬುದು ರಚನೆಯಿಂದ ಇದ್ದೇ ಇದೆ, ಆದ್ದರಿಂದ AB ∥ CD. ‘AB ∥ CD ಆದ್ದರಿಂದ ಒಳಕೋನಗಳ ಮೊತ್ತ 180°’ ಎಂದು ಇಲ್ಲಿ ಎಲ್ಲಿಯಾದರೂ ಬರೆದರೆ, ಸಾಧಿಸಬೇಕಾದುದನ್ನೇ ಒಪ್ಪಿಕೊಂಡು ಹೊರಟಂತಾಗುತ್ತದೆ, ಸಂಖ್ಯೆಗಳೆಲ್ಲ ಸರಿಯಿದ್ದರೂ ಸಾಧನೆ ನಿಲ್ಲುವುದಿಲ್ಲ.